ಸ್ಟೋಲ್ ಹಾಕೋಕೂ ಒಂದು ಕ್ರಮ ಇದೆ

ನಮ್ಮ ಅಕ್ಕನ ಮೊಮ್ಮಗಳು ಮೈಸೂರಲ್ಲೇ ಹೆಬ್ಬಾಳದ ಕಡೆ ಆಫೀಸಿಗೆ ಹೋಗ್ತಾಳೆ. ಅವಳ ಹತ್ತಿರ ಇರೋದು ಮೂರೇ ಸಾದಾ ಕುರ್ತಾ: ಕಪ್ಪು, ಬೂದಿ, ಕೆನೆಬಣ್ಣ. ಅಷ್ಟು ಸಾಕು, ತಪ್ಪಿಲ್ಲ. ಆದರೆ ಅದಕ್ಕೆ ಅಂತ ದೇವರಾಜ ಅರಸು ರಸ್ತೆಯಲ್ಲಿ ಏಳು ಸ್ಟೋಲ್ ತಂದಿದ್ದಾಳೆ, ಏಳೂ ಜಾರೋ ಪಾಲಿಯೆಸ್ಟರ್. ದಿನಕ್ಕೆ ಐವತ್ತು ಸಲ ಹೆಗಲ ಮೇಲೆ ಎಳ್ಕೊಳ್ತಾ ಕೂರ್ತಾಳೆ. ನೋಡೋಕಾಗದೆ ಬರೀತಿದೀನಿ.

ಏಳು ಬೇಡ, ಮೂರು ಇರಲಿ. ಒಂದೊಂದು ಸ್ಟೋಲೂ ಮೂರು ಕುರ್ತಾಕ್ಕೂ ಹೊಂದಬೇಕು. ಅಂಗಡಿಯಲ್ಲಿ ಸ್ಟೋಲನ್ನ ಕೈಯಲ್ಲಿ ಹಿಡಿದು ನೋಡಿದರೆ ಏನೂ ತಿಳಿಯಲ್ಲ. ಗಲ್ಲದ ಕೆಳಗೆ ಹಿಡಿದು, ಬಾಗಿಲ ಬೆಳಕಿಗೆ ಬಂದು ನೋಡಿ. ಮುಖ ಕಳೆಗುಂದಿದ ಹಾಗೆ ಕಂಡರೆ ಆ ಬಣ್ಣ ಬೇಡ, ಎಷ್ಟೇ ಅಗ್ಗ ಇರಲಿ.

ದುಡ್ಡು ಕೊಡೋ ಮೊದಲು ಮನೆ ಬೀರು ತೆಗೀರಿ. ನನ್ನ ಮದುವೆಗೆ ಅಪ್ಪ ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆಯ ಸೀರೆ ತಂದಿದ್ದರು. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಕಾರ್ಖಾನೆ ಅದು. ನೇರಳೆ ಬಣ್ಣ, ಸಣ್ಣ ಜರಿ ಅಂಚು. ವರ್ಷಾನುಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟು ಮಡಿಕೆಗೆರೆಯಲ್ಲೇ ಸೀಳಿತು, ಅದು ನನ್ನದೇ ತಪ್ಪು. ರೇಷ್ಮೆ ಸೀರೆಯನ್ನ ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಾಯಿಸಿ ಇಡಬೇಕು, ನುಸಿಗುಳಿಗೆ ಜರಿಗೆ ತಾಗಬಾರದು. ಈಗಿನವರು ಪ್ಲಾಸ್ಟಿಕ್ ಕವರಿಗೆ ತುರುಕಿ ಮರೆತೇಬಿಡ್ತಾರೆ. ಹಳೇ ಪಂಚೆ ಬಟ್ಟೆಯಲ್ಲಿ ಸುತ್ತಿಡಿ.

ಆ ಸೀರೆಯಲ್ಲಿ ಸೀಳದ ಭಾಗ ಎರಡು ಮೀಟರ್ ಸಿಕ್ಕಿತು. ಬೆಳಕಿಗೆ ಹಿಡಿದು, ಮೆಲ್ಲಗೆ ಅಡ್ಡಕ್ಕೆ ಎಳೆದು ನೋಡಿದೆ. ಎಳೆ ಬಿಟ್ಕೊಂಡರೆ ಅಲ್ಲಿಗೆ ಬಿಡಬೇಕು, ಹೊಲಿಗೆ ನಿಲ್ಲಲ್ಲ. ಅದು ನಿಂತಿತ್ತು. ಅಗಲವನ್ನ ನಡುವೆ ಉದ್ದಕ್ಕೆ ಕತ್ತರಿಸಿದರೆ ಎರಡು ಸ್ಟೋಲ್ ಆಯ್ತು, ಎರಡಕ್ಕೂ ಒಂದೊಂದು ಬದಿ ಜರಿ ಅಂಚು. ಕತ್ತರಿಸಿದ ಬದಿಗೆ ಟೈಲರ್ ಹತ್ತಿರ ಪೀಕೋ ಹಾಕಿಸಿದೆ. ಹುರಿ ಹಾಕಿದ ನೂಲಿನ ಬಟ್ಟೆ ಆದ್ದರಿಂದ ಅದು ಮೈಗೆ ತಕ್ಕ ಹಾಗೆ ಬೀಳುತ್ತೆ, ಆ ಪಾಲಿಯೆಸ್ಟರ್ ಥರ ಜಾರಲ್ಲ.

ಇನ್ನು ಪಿನ್ನು. ಇಲ್ಲೇ ಎಲ್ಲರೂ ಬಟ್ಟೆ ಹಾಳು ಮಾಡೋದು. ಮೇಲಿಂದ ಸ್ಟೋಲಿನ ಎಲ್ಲ ಪದರಕ್ಕೂ ಸೇರಿಸಿ ದಪ್ಪ ಪಿನ್ ಚುಚ್ತಾರೆ, ಬಟ್ಟೆ ಪಿನ್ನಿನ ಸುರುಳಿಯೊಳಗೆ ಸಿಕ್ಕಿಕೊಳ್ಳುತ್ತೆ, ಸಂಜೆ ಎಳೆದಾಗ ಹರಿಯುತ್ತೆ. ನಾನು ಹೇಳಿದ ಹಾಗೆ ಮಾಡಿ. ರಾತ್ರಿಯೇ ಸ್ಟೋಲನ್ನ ಟೇಬಲ್ ಮೇಲೆ ಹರಡಿ, ಕತ್ತರಿಸಿದ ಬದಿಯಿಂದ ಶುರುಮಾಡಿ ಮೂರು ಬೆರಳಗಲಕ್ಕೆ ನೆರಿಗೆ ಹಿಡೀರಿ, ಜರಿ ಅಂಚು ಎಲ್ಲಕ್ಕಿಂತ ಮೇಲೆ ಬರಬೇಕು. ತೆಳು ಹತ್ತಿ ಬಟ್ಟೆ ಹಾಸಿ, ಬಿಸಿ ಕಡಿಮೆ ಇಟ್ಟು ಒತ್ತಿ. ಹೆಗಲಿಗೆ ಬರೋ ಕಡೆ ಬಟ್ಟೆ ಕ್ಲಿಪ್ ಹಾಕಿ ಹ್ಯಾಂಗರಿಗೆ ತೂಗುಹಾಕಿ. ಬೆಳಿಗ್ಗೆ ಸಣ್ಣ ಸೇಫ್ಟಿ ಪಿನ್ ತಗೊಂಡು, ತುದಿಯನ್ನ ಒಣಗಿದ ಸೋಪಿನ ತುಂಡಿಗೆ ಎರಡು ಸಲ ಚುಚ್ಚಿ ತೆಗೀರಿ, ಆಗ ಎಳೆ ಕೀಳದೆ ನುಸುಳುತ್ತೆ. ಆಮೇಲೆ ಒಂದು ಸಣ್ಣ ಮಣಿಯನ್ನ ಪಿನ್ನಿಗೆ ಪೋಣಿಸಿ ಸುರುಳಿಯ ತನಕ ತಳ್ಳಿ. ಮಣಿ ಅಡ್ಡ ಇದ್ದರೆ ಬಟ್ಟೆ ಸುರುಳಿಗೆ ಹೋಗೋಕೇ ಆಗಲ್ಲ. ಕುರ್ತಾದ ಒಳಗಡೆಯಿಂದ, ಭುಜದ ಹೊಲಿಗೆಯ ಮೇಲೇ ಚುಚ್ಚಿ, ಅಲ್ಲಿ ಬಟ್ಟೆ ದಪ್ಪ ಇರುತ್ತೆ. ನೆರಿಗೆಯಲ್ಲಿ ಕೆಳಗಿನ ಎರಡು ಪದರ ಮಾತ್ರ ಹಿಡಿದು ಮತ್ತೆ ಒಳಕ್ಕೆ ತಂದು ಮುಚ್ಚಿ. ಹೊರಗೆ ಪಿನ್ ಕಾಣಲ್ಲ, ಜರಿಗೆ ತೂತು ಬೀಳಲ್ಲ. ತೋಳಿನ ಹೊಲಿಗೆಯಿಂದ ಎರಡು ಬೆರಳು ಒಳಗೆ ಇರಲಿ. ಹಾಕಿದ ಮೇಲೆ ಕೈ ಮೇಲೆತ್ತಿ ನೋಡಿ. ಕುರ್ತಾದ ಕತ್ತು ಒಂದು ಕಡೆ ಎಳೆದರೆ ಸ್ಟೋಲ್ ತುಂಬಾ ಬಿಗಿಯಾಗಿದೆ ಅಂತ ಅರ್ಥ, ಮತ್ತೆ ಸಡಿಲ ಬಿಟ್ಟು ಚುಚ್ಚಿ.

ಕಪ್ಪು ಕುರ್ತಾಕ್ಕೆ ಹೀಗೆ ಒಂದು ಹೆಗಲಿಗೆ ಹಾಕಿ. ಬೂದಿಗೆ ಅದೇ ಸ್ಟೋಲನ್ನ ನೆರಿಗೆ ಬಿಡಿಸಿ ಎರಡೂ ಕಡೆ ಮುಂದಕ್ಕೆ ಇಳಿಬಿಟ್ಟರೆ ಬೇರೆಯದೇ ಬಟ್ಟೆ ಅನಿಸುತ್ತೆ. ಕೆನೆಬಣ್ಣಕ್ಕೆ ಹತ್ತಿಯದು ಒಳ್ಳೇದು, ತೆಳು ಗಂಜಿ ಹಾಕಿ ಒಣಗಿಸಿದ್ದು. ಅನ್ನ ಬಸಿದ ಗಂಜಿಯನ್ನ ಚರಂಡಿಗೆ ಸುರೀಬೇಡಿ, ಸೋಸಿ ಎರಡರಷ್ಟು ನೀರು ಬೆರೆಸಿ ಇದಕ್ಕೇ ಬಳಸಿ.

ಹಿಂದಿನ ತುದಿ ಸೊಂಟದ ಕೆಳಗೆ ಒಂದು ಗೇಣು ಇದ್ದರೆ ಸಾಕು. ಅದಕ್ಕಿಂತ ಉದ್ದ ಬಿಟ್ಟರೆ ಆಫೀಸಿನ ಚಕ್ರದ ಕುರ್ಚಿಯಡಿ ಸಿಕ್ಕಿಕೊಳ್ಳುತ್ತೆ, ನಮ್ಮ ಹುಡುಗಿ ಹಾಗೇ ಒಂದು ಹರಿದುಕೊಂಡಳು. ಸ್ಕೂಟರ್ ಹತ್ತೋವಾಗಂತೂ ಸ್ಟೋಲ್ ಮೈಮೇಲೆ ಇರಲೇಬಾರದು. ಹಿಂದಿನ ಚಕ್ರಕ್ಕೆ ಸುತ್ತಿಕೊಂಡರೆ ಕತ್ತಿಗೇ ಬರುತ್ತೆ. ಮಡಿಚಿ ಬ್ಯಾಗಿನಲ್ಲಿಟ್ಟುಕೊಂಡು ಹೋಗಿ, ಪಿನ್ನು ಮಣಿ ಸಮೇತ, ಆಫೀಸಿನಲ್ಲಿ ಕನ್ನಡಿ ಮುಂದೆ ನಿಂತು ಹಾಕ್ಕೊಳ್ಳಿ.