ಐದು ವರ್ಷಕ್ಕೆ ಎಂಟು ಚಿತ್ರ

ತುಮಕೂರಿನ ಬಟವಾಡಿಯ ಹತ್ತಿರ ನಾವು ಬೇಕರಿ ಶುರು ಮಾಡಿದ್ದು 2021ರ ಫೆಬ್ರವರಿಯಲ್ಲಿ. ಒಲೆ, ಹಿಟ್ಟು, ಕೆಲಸದವರು ನಮ್ಮನೆಯವರ ಜವಾಬ್ದಾರಿ. ಗಲ್ಲಾ, ಲೆಕ್ಕ ಮತ್ತು ಇನ್‌ಸ್ಟಾಗ್ರಾಂ ನನ್ನದು. ಐದು ವರ್ಷ ತುಂಬುವ ದಿನಕ್ಕೆ ಗಿರಾಕಿಗಳಿಗೆ ಥ್ಯಾಂಕ್ಸ್ ಹೇಳುವ ಒಂದು ಕ್ಯಾರೊಸೆಲ್ ಮಾಡಬೇಕು ಅಂತ ಕೂತೆ. ಬೆರಳಲ್ಲಿ ಪಕ್ಕಕ್ಕೆ ಸರಿಸುತ್ತ ನೋಡುತ್ತೇವಲ್ಲ, ಒಂದೇ ಪೋಸ್ಟಿನ ಆ ಚಿತ್ರಗಳ ಸಾಲೇ ಕ್ಯಾರೊಸೆಲ್. ಒಂದು ಸಂಜೆಯ ಕೆಲಸ ಅಂದುಕೊಂಡಿದ್ದೆ, ಹನ್ನೊಂದು ದಿನ ಹಿಡಿಯಿತು.

ಮೊದಲ ದಿನ ಬರೆದದ್ದು ಇದು: "ನಿಮ್ಮ ಪ್ರೀತಿ, ವಿಶ್ವಾಸವೇ ನಮ್ಮ ಶಕ್ತಿ. ರುಚಿ ಮತ್ತು ಗುಣಮಟ್ಟದಲ್ಲಿ ಎಂದೂ ರಾಜಿಯಾಗದೆ ಐದು ವರ್ಷ ಪೂರೈಸಿದ್ದೇವೆ." ರಾತ್ರಿ ಮತ್ತೆ ಓದಿದಾಗ ಎರಡನೇ ವಾಕ್ಯ ಕಣ್ಣಿಗೆ ಚುಚ್ಚಿತು. ಥ್ಯಾಂಕ್ಸ್ ಹೇಳಲು ಹೊರಟವಳು ನಡುವೆ ನಮ್ಮನ್ನೇ ಹೊಗಳಿಕೊಂಡಿದ್ದೆ. ಮೊದಲ ವಾಕ್ಯವಾದರೂ ಯಾರಿಗೆ ಹೇಳಿದ್ದು? ಆ ಮಾತನ್ನು ಬಟ್ಟೆ ಅಂಗಡಿಯವರು ಹಾಕಿದರೂ ನಡೆಯುತ್ತದೆ, ಮೆಡಿಕಲ್ ಸ್ಟೋರಿನವರು ಹಾಕಿದರೂ ನಡೆಯುತ್ತದೆ. ಎರಡನ್ನೂ ಅಳಿಸಿದೆ. ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದೇ ಪ್ರಶ್ನೆ ಬರೆದುಕೊಂಡೆ: ಆ ಮೊದಲ ವರ್ಷ ಯಾರು ಬಂದು ಏನು ಮಾಡಿದರು? ಗಿರಾಕಿ ಮಾಡಿದ ಒಂದು ಕೆಲಸ ಸಿಕ್ಕರೆ ಮಾತ್ರ ಅದಕ್ಕೊಂದು ಚಿತ್ರ, ಇಲ್ಲದಿದ್ದರೆ ಇಲ್ಲ.

ಮೊದಲು ನೆನಪಾದವರು ಮೇಷ್ಟ್ರು. ಶುರುವಾದ ವಾರ ನಮ್ಮ ಬ್ರೆಡ್ ಕೆಟ್ಟಿತ್ತು. ಫೆಬ್ರವರಿಯ ಬೆಳಗಿನ ಜಾವ ಇಲ್ಲಿ ಇನ್ನೂ ಚಳಿ ಇರುತ್ತದೆ. ನಾವು ಸಂಪಿನ ತಣ್ಣೀರಲ್ಲೇ ಹಿಟ್ಟು ಕಲಸಿ, ಕಲಿತ ಕಡೆ ಹೇಳಿಕೊಟ್ಟಂತೆ ಗಡಿಯಾರ ನೋಡಿ ಒಲೆಗೆ ಹಾಕುತ್ತಿದ್ದೆವು. ಚಳಿಗೆ ಈಸ್ಟ್ ನಿಧಾನವಾಗುತ್ತದೆ, ಗಡಿಯಾರ ಅದಕ್ಕೆ ಕಾಯುವುದಿಲ್ಲ. ಹಿಟ್ಟು ಸರಿಯಾಗಿ ಉಬ್ಬದೆ ಬ್ರೆಡ್ಡಿನ ನಡುಭಾಗ ಅಂಟಂಟಾಗಿ ಉಳಿಯುತ್ತಿತ್ತು. ಮೇಷ್ಟ್ರು ಒಂದು ತುಂಡನ್ನು ಕಾಗದದಲ್ಲಿ ಸುತ್ತಿ ತಂದು ತೋರಿಸಿದರು. ಆಮೇಲೆ ಉಗುರುಬೆಚ್ಚಗಿನ ನೀರಿಗೆ ಬಂದೆವು, ಬೆರಳಲ್ಲಿ ಒತ್ತಿದ ಗುಳಿ ನಿಧಾನವಾಗಿ ಮೇಲೆದ್ದರೆ ಮಾತ್ರ ಒಲೆಗೆ ಅಂತ ಕಲಿತೆವು. ಮೊದಲ ಕರಡಿನಲ್ಲಿ ಇದನ್ನೆಲ್ಲ ಬರೆದಿದ್ದೆ. ನೋಡಿದರೆ ಅದು "ನಮ್ಮ ಬ್ರೆಡ್ ಈಗ ಎಷ್ಟು ಚೆನ್ನಾಗಿದೆ" ಅನ್ನುವಲ್ಲಿಗೆ ಹೋಗಿ ನಿಂತಿತ್ತು. ಕಷ್ಟದ ಕಥೆ ಹೀಗೇ ಜಾಹೀರಾತಾಗುವುದು. ಅಂದು ಹಾಗಿತ್ತು, ಇಂದು ನೋಡಿ ಹೇಗಿದೆ ಅಂದ ಕೂಡಲೇ ಬಂದವರು ಹಿಂದೆ ಸರಿದು ನಾವು ಮುಂದೆ ಬಂದಿರುತ್ತೇವೆ.

ಆಗ ಒಂದು ಅಳತೆ ಇಟ್ಟುಕೊಂಡೆ. ಕಷ್ಟಕ್ಕೆ ಒಂದು ಸಾಲು, ಜೊತೆಗೆ ನಿಂತವರಿಗೆ ಎರಡು ಮೂರು ಸಾಲು, "ಈಗ" ಅನ್ನುವುದಕ್ಕೆ ಒಂದೂ ಇಲ್ಲ. ಎರಡನೆಯದಾದ ಮೇಷ್ಟ್ರ ಚಿತ್ರದ ಮೇಲೆ ಕೊನೆಗೆ ಉಳಿದದ್ದು ಇಷ್ಟು: "ಮೊದಲ ವಾರದ ಬ್ರೆಡ್ ನಡುವೆ ಹಸಿಯಾಗಿತ್ತು. ಒಬ್ಬರು ಮೇಷ್ಟ್ರು ಒಂದು ತುಂಡು ತಂದು ತೋರಿಸಿದರು. ದುಡ್ಡು ವಾಪಸ್ ಕೇಳಲಿಲ್ಲ. ಇನ್ನೊಂದು ಬ್ರೆಡ್ ಕೊಂಡು ಹೋದರು."

ಮೂರನೇ ಚಿತ್ರ ಲಾಕ್‌ಡೌನಿನದು. ಅಂಗಡಿ ತೆರೆದು ಎರಡೇ ತಿಂಗಳಾಗಿತ್ತು. 2021ರ ಏಪ್ರಿಲ್ 27ರ ರಾತ್ರಿಯಿಂದ ರಾಜ್ಯವೆಲ್ಲ ಬಂದ್, ದಿನಸಿ ಅಂಗಡಿಗಳಿಗೆ ಬೆಳಗ್ಗೆ 6ರಿಂದ 10ರವರೆಗೆ ಮಾತ್ರ ಅವಕಾಶ. ಬೇಕರಿಯವರಿಗೆ ಇದರ ಅರ್ಥ ಬೇರೆ. ನಮ್ಮ ವ್ಯಾಪಾರ ಹತ್ತುವುದೇ ಸಂಜೆ ನಾಲ್ಕರ ಮೇಲೆ, ಪಲ್ಯ ಬನ್ನು, ಖಾರ ಬನ್ನು, ದಿಲ್‌ಪಸಂದ್‌ಗೆ. ಬೆಳಗ್ಗೆ ಏಳಕ್ಕೆ ಪಲ್ಯ ಬನ್ನು ಯಾರು ಕೇಳುತ್ತಾರೆ? ಅಂಗಡಿ ತೆರೆದಿದ್ದರೂ ವ್ಯಾಪಾರ ಮುಚ್ಚಿದ ಹಾಗೇ. ಆಗ ಅಕ್ಕಪಕ್ಕದ ಬೀದಿಯವರು ರಾತ್ರಿಯೇ ಫೋನ್ ಮಾಡಿ, ನಾಳೆಗೆ ಎರಡು ಬ್ರೆಡ್, ಕಾಲು ಕೇಜಿ ರಸ್ಕ್ ಅಂತ ಬರೆಸತೊಡಗಿದರು. ಎಷ್ಟು ಕಲಸಬೇಕು ಅಂತ ಮೊದಲೇ ತಿಳಿದದ್ದರಿಂದ ಒಂದು ಬ್ರೆಡ್ಡೂ ಉಳಿದು ಹಾಳಾಗಲಿಲ್ಲ. ಆ ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ.

ಅದರ ಒಂದು ಪುಟದ ಫೋಟೊ ಹಾಕಬೇಕೆಂದು ಆಸೆ. ಆದರೆ ಪುಟದ ತುಂಬ ಹೆಸರು, ಫೋನ್ ನಂಬರು. ಮೊದಲು ಫೋನಿನ ಮಾರ್ಕರಿನಲ್ಲೇ ನಂಬರಿನ ಮೇಲೆ ಕಪ್ಪು ಎಳೆದೆ. ಆಮೇಲೆ ಫೋಟೊದ ಬೆಳಕು ಪೂರ್ತಿ ಏರಿಸಿ ನೋಡಿದರೆ ಕಪ್ಪಿನ ಕೆಳಗಿಂದ ಅಂಕಿಗಳು ಇಣುಕುತ್ತಿದ್ದವು. ನಾನು ಆರಿಸಿದ್ದು ಹೈಲೈಟರ್ ಥರದ ಮಾರ್ಕರು, ಅದರ ಬಣ್ಣ ಪೂರ್ತಿ ಮುಚ್ಚುವುದಿಲ್ಲ. ಹಾಗಾಗಿ ಪುಟದ ಮೇಲೆ ಬಿಸ್ಕತ್ತಿನ ಬಟರ್ ಪೇಪರಿನ ದಪ್ಪ ಪಟ್ಟಿಗಳನ್ನು ನಾಲ್ಕು ಮಡಿಕೆ ಮಾಡಿ ಇಟ್ಟು ಹೊಸದಾಗಿ ಫೋಟೊ ತೆಗೆದೆ. "2 ಬ್ರೆಡ್, ¼ ರಸ್ಕ್" ಅನ್ನುವ ಸಾಲುಗಳು ಮಾತ್ರ ಕಾಣುತ್ತಿದ್ದವು.

ಉಳಿದವನ್ನು ಬೇಗ ಹೇಳುತ್ತೇನೆ. ನಾಲ್ಕನೆಯದು ಕರೆಂಟ್ ಹೋಗಿ ಕ್ರೀಮ್ ಜಾರಿದ ಹುಟ್ಟುಹಬ್ಬದ ಕೇಕನ್ನು ಹಾಗೇ ಒಯ್ದು ಕತ್ತರಿಸಿದ ತಾಯಿಯದು. ಮಗುವಿನ ಮುಖ ಹಾಕಲಿಲ್ಲ, ಕೇಕ್ ಮಾತ್ರ. ಐದನೆಯದು ಮಂಡಿಪೇಟೆಯಿಂದ ಮೈದಾ ಮೂಟೆ ತಂದುಹಾಕಿ ತಿಂಗಳ ಕೊನೆಗೆ ಬಾಡಿಗೆ ಪಡೆಯುತ್ತಿದ್ದ ಆಟೋದ ಅಣ್ಣನದು. ಆರನೆಯದು ಹಾಸ್ಟೆಲ್ ಹುಡುಗರದು, ಏಳನೆಯದು ಒಲೆಯ ಮುಂದೆ ನಿಲ್ಲುವ ನಮ್ಮ ಕೆಲಸದವರ ಕೈಗಳು. ಎಂಟನೆಯದರಲ್ಲಿ "ನಮಸ್ಕಾರ" ಅಂತ ಒಂದೇ ಪದ.

ಬಿಟ್ಟದ್ದೂ ಇದೆ. ನಮ್ಮ ಕಟ್ಟಡದ ಮಾಲೀಕರು ಆ ಲಾಕ್‌ಡೌನಿನಲ್ಲಿ ಎರಡು ತಿಂಗಳ ಬಾಡಿಗೆ ಬಿಟ್ಟುಕೊಟ್ಟಿದ್ದರು. ಕೇಳದೆ ಹಾಕಬಾರದು ಅಂತ ಕೇಳಿದೆ. "ಬೇಡಮ್ಮ, ಮೇಲಿನ ಅಂಗಡಿಯವ್ರೂ ಕೇಳ್ತಾರೆ" ಅಂದರು. ಬಿಟ್ಟೆ. ಮೊದಲ ವರ್ಷ ಹಣ ತೆಗೆದುಕೊಂಡು ಹಳೇ ಮೈದಾ ಕೊಟ್ಟವರ ಕಥೆಯನ್ನೂ ಬರೆದಿದ್ದೆ. ಅದನ್ನು ಓದಿದವರು ಗಿರಾಕಿಗಳನ್ನು ಮರೆತು, ಆ ಮೋಸ ಮಾಡಿದವರು ಯಾರಿರಬಹುದು ಅಂತ ಯೋಚಿಸುತ್ತಾರೆ. ಅದನ್ನೂ ತೆಗೆದೆ.

ದೊಡ್ಡ ಜಗಳ ಕೊನೆಯ ಚಿತ್ರದ ಮೇಲೆ. ನನ್ನ ಮೈದುನ, "ಅತ್ತಿಗೆ, ಇಷ್ಟು ಜನ ನೋಡ್ತಾರೆ, ಕೊನೇಲಿ ಹತ್ತು ಪರ್ಸೆಂಟ್ ಆಫರ್ ಹಾಕಿ, ನಂಬರ್ ಹಾಕಿ" ಅಂದ. ಅವನು ಹೇಳಿದ್ದು ವ್ಯಾಪಾರದ ಮಾತೇ, ತಪ್ಪಲ್ಲ. ಆದರೆ ಮನೆಗೆ ಬಂದವರಿಗೆ ಕುಂಕುಮ ಕೊಟ್ಟು, ಬಾಗಿಲ ಹತ್ತಿರ ಬಿಲ್ಲು ಚಾಚಿದ ಹಾಗೆ ಆಗುತ್ತದೆ ಅಂತ ನನಗೆ ಅನ್ನಿಸಿತು. ಕೊನೆಯಲ್ಲಿ ಆಫರ್ ಬಂದರೆ ಹಿಂದಿನ ಏಳೂ ಚಿತ್ರಗಳು ಅದಕ್ಕೆ ಪೀಠಿಕೆಯಾಗುತ್ತವೆ. ಕಡೆಗೆ ಆಫರ್ ಬೇಕೇ ಬೇಕಾದರೆ ಎರಡು ವಾರ ಬಿಟ್ಟು ಬೇರೆ ಪೋಸ್ಟ್ ಮಾಡೋಣ ಅಂತ ಒಪ್ಪಂದವಾಯಿತು. ನಂಬರು, ವಿಳಾಸ ಹೇಗೂ ಪ್ರೊಫೈಲಿನಲ್ಲೇ ಇವೆ.

ಇನ್ನು ಕೈಕೆಲಸ. ಕ್ಯಾರೊಸೆಲ್‌ನಲ್ಲಿ ಮೊದಲ ಚಿತ್ರದ ಆಕಾರಕ್ಕೇ ಉಳಿದವೂ ಕತ್ತರಿಸಿಕೊಳ್ಳುತ್ತವೆ. 2021ರ ನಮ್ಮ ಫೋಟೊಗಳೆಲ್ಲ ಅಡ್ಡ, ಅದೂ ವಾಟ್ಸಾಪಿನಲ್ಲಿ ಓಡಾಡಿ ಮಂಕಾದವು. ಅವನ್ನು ಹಿಗ್ಗಿಸಲು ಹೋದರೆ ಇನ್ನೂ ಒಡೆಯುತ್ತವೆ. ಹಾಗಾಗಿ ಎಂಟಕ್ಕೂ 1080 ಅಗಲ, 1350 ಎತ್ತರದ ಬೆಣ್ಣೆ ಬಣ್ಣದ ಹಾಳೆ ಮಾಡಿಕೊಂಡೆ. ಮೇಲರ್ಧದಲ್ಲಿ ಫೋಟೊ ಸಣ್ಣದಾಗಿ, ಕೆಳಗೆ ಬರಹ. ಆಲ್ಬಮ್ಮಿನಲ್ಲಿ ಅಂಟಿಸಿದ ಹಾಗೆ ಕಂಡಿದ್ದರಿಂದ ಮಂಕು ಫೋಟೊ ಕೊರತೆ ಅನ್ನಿಸಲಿಲ್ಲ. ಮೊದಲ ಚಿತ್ರ ನೋಡಿ ಸರಿಸದೆ ಹೋದವರಿಗೆ ಇನ್‌ಸ್ಟಾಗ್ರಾಂ ಕೆಲವೊಮ್ಮೆ ಎರಡನೆಯದನ್ನು ಮುಂದಿಟ್ಟು ತೋರಿಸುತ್ತದೆ. ಅದಕ್ಕೇ ಮೇಷ್ಟ್ರ ಕಥೆಯನ್ನು ಎರಡನೆಯದಾಗಿಟ್ಟೆ. ಹಿಂದುಮುಂದು ಗೊತ್ತಿಲ್ಲದವರಿಗೂ ಅದು ಅರ್ಥವಾಗುತ್ತದೆ.

ಕನ್ನಡ ಅಕ್ಷರ ಹೆಚ್ಚು ಸಮಯ ತಿಂದಿತು. ಚೆಂದದ ಒಂದು ಫಾಂಟ್ ಆರಿಸಿದರೆ "ಬ್ರೆಡ್ಡು" ಬರೆದಾಗ ಒತ್ತು ಕೆಳಗೆ ಕೂರದೆ ಬಿಡಿಬಿಡಿಯಾಗಿ ಪಕ್ಕದಲ್ಲಿ ನಿಂತಿತು. ನಮ್ಮ ಬೋರ್ಡ್ ಮಾಡಿದ ಡಿಟಿಪಿ ಅಂಗಡಿಯ ಹಳೇ ಫೈಲಿನಿಂದ ಸಾಲೊಂದನ್ನು ತಂದು ಹಾಕಿದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ, ಅದು ಯುನಿಕೋಡ್ ಅಲ್ಲ. ಕೊನೆಗೆ ನೋಟೊ ಸ್ಯಾನ್ಸ್ ಕನ್ನಡಕ್ಕೆ ಬಂದು, ಸಾಲುಗಳ ನಡುವಿನ ಅಂತರವನ್ನು ಒಂದೂವರೆ ಪಟ್ಟು ಮಾಡಿದೆ. ಇಂಗ್ಲಿಷಿಗೆ ಸಾಕಾಗುವ ಅಂತರದಲ್ಲಿ ನಮ್ಮ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಆಮೇಲೆ ನಮ್ಮ ಅತ್ತೆಯ ಸಣ್ಣ ಫೋನಿಗೆ ಕಳಿಸಿ, ಕನ್ನಡಕ ಇಲ್ಲದೆ ಓದಿ ಅಂತ ಕೊಟ್ಟೆ. ಅವರು ತಡವರಿಸಿದ ಎರಡು ಕಡೆ ಅಕ್ಷರ ದೊಡ್ಡದು ಮಾಡದೆ ಪದ ಕಡಿಮೆ ಮಾಡಿದೆ.

ಇಷ್ಟೆಲ್ಲ ಮಾಡಿಯೂ ಬೆಳಗ್ಗೆ ಏಳಕ್ಕೆ ಹಾಕಿದ ಅರ್ಧ ಗಂಟೆಗೆ ಒಂದು ಕಾಮೆಂಟ್: "ಪಲ್ಯ ಬನ್ನು ಈಗಲೂ ಅದೇ ರೇಟಾ?" ಗಾಬರಿಯಾಗಿ ನೋಡಿದರೆ ಹಾಸ್ಟೆಲ್ ಹುಡುಗರ ಫೋಟೊದ ಹಿಂದೆ ನಮ್ಮ ಹಳೇ ರೇಟ್ ಬೋರ್ಡ್ ಸ್ಪಷ್ಟವಾಗಿ ಕಾಣುತ್ತಿತ್ತು. ಬರಹದಿಂದ ಹೊರಗಿಟ್ಟ ವ್ಯಾಪಾರ ಫೋಟೊದ ಮೂಲೆಯಿಂದ ಒಳಬಂದಿತ್ತು. ಹಾಕಿದ ಕ್ಯಾರೊಸೆಲ್‌ನಿಂದ ಒಂದು ಚಿತ್ರ ತೆಗೆಯಬಹುದು, ಅದರ ಜಾಗಕ್ಕೆ ಬೇರೆಯದನ್ನು ಸೇರಿಸಲಾಗದು. ಇಡೀ ಪೋಸ್ಟ್ ಅಳಿಸಿದರೆ ಆಗಲೇ ಬರೆದವರ ಮಾತೂ ಹೋಗುತ್ತದೆ. ಆ ಒಂದನ್ನು ತೆಗೆದೆ, ಏಳು ಉಳಿದವು. ಕೇಳಿದವರಿಗೆ ರೇಟನ್ನು ಮೆಸೇಜಿನಲ್ಲಿ ತಿಳಿಸಿದೆ. ಆ ಹುಡುಗರ ಚಿತ್ರ ಬಿಟ್ಟುಹೋಯಿತಲ್ಲ ಅಂತ ಬಹಳ ಸಂಕಟವಾಯಿತು. ಆ ಫೋಟೊದಿಂದ ಬೋರ್ಡ್ ಕತ್ತರಿಸಿ, ಎಂಟನ್ನೂ ಪ್ರಿಂಟ್ ತೆಗೆಸಿ ಗಲ್ಲಾದ ಪಕ್ಕದ ಗಾಜಿಗೆ ಅಂಟಿಸಿದೆವು. ನಮ್ಮ ಗಿರಾಕಿಗಳಲ್ಲಿ ಅನೇಕರ ಹತ್ತಿರ ಇನ್‌ಸ್ಟಾಗ್ರಾಂ ಇಲ್ಲ, ಅವರಿಗೆ ಹಾಕಿದ್ದು ತಲುಪಿದ್ದು ಹಾಗೆ.

ಸಂಜೆ ಮೇಷ್ಟ್ರು ಬಂದರು. ಮಿಕ್ಕವರಿಗೆಲ್ಲ ಅವರವರ ಚಿತ್ರವನ್ನು ಮೊದಲೇ ತೋರಿಸಿ ಒಪ್ಪಿಗೆ ಪಡೆದಿದ್ದೆ. ಇವರೊಬ್ಬರಿಗೆ ಫೋನಿನಲ್ಲಿ ಕೇಳಿದ್ದೆ, "ಹಾಕಮ್ಮ" ಅಂದಿದ್ದರು, ಬರಹ ತೋರಿಸಿರಲಿಲ್ಲ. ಗಾಜಿನ ಹತ್ತಿರ ಬಗ್ಗಿ ಎರಡು ಸಲ ಓದಿದರು.

"ಬ್ರೆಡ್ ತುಂಡು ತಂದಿದ್ದು ನಾನೇ ಕಣಮ್ಮ. ಇನ್ನೊಂದು ತಗೊಂಡಿದ್ದು ನಾನಲ್ಲ. ನಾನು ಬೇಡ ಅಂತಿದ್ದೆ. ನಮ್ಮನೆಯವಳು ಹೊರಗೆ ಸ್ಕೂಟರ್ ಹತ್ರ ನಿಂತಿದ್ಲು. ಹೊಸಬ್ರು, ಕಲೀತಾರೆ, ತಗೊಳ್ಳಿ ಅಂದಿದ್ದು ಅವಳು."

ಐದು ವರ್ಷ ಮೇಷ್ಟ್ರ ಮನೆಯವರನ್ನು ನಾನು ನೋಡಿಯೇ ಇರಲಿಲ್ಲ. ಚಿತ್ರದ ಮೇಲಿನ ಬರಹ ಬದಲಿಸಲಾಗದು, ಕ್ಯಾಪ್ಷನ್ ಬದಲಿಸಬಹುದು. ಅಲ್ಲೇ ನಿಂತು ಕೊನೆಗೆ ಒಂದು ಸಾಲು ಸೇರಿಸಿ ಮೇಷ್ಟ್ರಿಗೆ ತೋರಿಸಿದೆ: "ತಿದ್ದುಪಡಿ: ಎರಡನೇ ಚಿತ್ರದಲ್ಲಿ ಇನ್ನೊಂದು ಬ್ರೆಡ್ ಕೊಳ್ಳಿಸಿದವರು ಮೇಷ್ಟ್ರ ಮನೆಯವರು. ಅಮ್ಮ, ನಿಮಗೆ ನಮಸ್ಕಾರ."