ದಡಾರ ಬಾರದೆಯೇ ದೇಹ ದಡಾರದ ಗುರುತು ಹಿಡಿಯುವುದು ಹೇಗೆ?

ಒಂಬತ್ತು ತಿಂಗಳ ಮಗುವಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿ ಎಂಟು ದಿನವಾಗಿದೆ. ಬೆಳಿಗ್ಗೆ ಮೈ ಬೆಚ್ಚಗಿದೆ, ಕಿವಿಯ ಹಿಂದೆ ನಾಲ್ಕಾರು ಕೆಂಪು ದದ್ದು. ‘ನೋಡ್ದೇನಮ್ಮಾ, ಸೂಜಿ ಚುಚ್ಚಿಸಿದ್ದಕ್ಕೇ ಅಮ್ಮ ಬಂತು’ ಎಂದು ಅಜ್ಜಿ ರೇಗುತ್ತಾರೆ. ಅಜ್ಜಿಯ ಮಾತಲ್ಲಿ ಅರ್ಧ ನಿಜವಿದೆ. ಬಾಟಲಿಯೊಳಗೆ ಇದ್ದದ್ದು ಜೀವಂತ ದಡಾರ ವೈರಸ್ಸೇ. ಆದರೆ ಹಲ್ಲು ಕಿತ್ತ ಹಾವಿನಂಥದ್ದು.

ಮೊದಲು, ಹಲ್ಲು ಕೀಳುವುದು

1954ರಲ್ಲಿ ಅಮೆರಿಕದ ಬಾಸ್ಟನ್ ಬಳಿಯ ಶಾಲೆಯೊಂದರಲ್ಲಿ ದಡಾರ ಹಬ್ಬಿತ್ತು. ಡೇವಿಡ್ ಎಡ್ಮನ್‌ಸ್ಟನ್ ಎಂಬ ಹುಡುಗನಿಂದ ತೆಗೆದ ವೈರಸ್ಸನ್ನು ಜಾನ್ ಎಂಡರ್ಸ್ ಅವರ ಪ್ರಯೋಗಾಲಯದಲ್ಲಿ ಗಾಜಿನ ಕೊಳವೆಗಳಲ್ಲಿ ಬೆಳೆಸಿದರು. ಒಂದು ಕೊಳವೆಯಿಂದ ಇನ್ನೊಂದಕ್ಕೆ ದಾಟಿಸುತ್ತಾ, ಕೊನೆಗೆ ಕೋಳಿ ಭ್ರೂಣದ ಜೀವಕೋಶಗಳಲ್ಲೂ ಬೆಳೆಸಿದರು. ಪರಸ್ಥಳದ ಊಟಕ್ಕೆ ಹೊಂದಿಕೊಂಡ ವೈರಸ್ಸಿಗೆ ಮನುಷ್ಯನ ಮೈಯಲ್ಲಿ ಜೋರು ತಗ್ಗಿತು. ಹೊರಮೈಯ ಆಕಾರ ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿಯಿತು. ದೇಹಕ್ಕೆ ದಡಾರದ ಗುರುತು ಕಲಿಸುವ ಪಾಠಕ್ಕೆ ಬೇಕಾದದ್ದು ಆ ಆಕಾರವೇ. ಇಂದು ನಮ್ಮಲ್ಲಿ ಹಾಕುವ ಲಸಿಕೆಯೂ ಆ ಹುಡುಗನ ವೈರಸ್ಸಿನ ವಂಶದ್ದೇ.

ನಂತರ, ಕಂಕುಳಿಗೆ ಸುದ್ದಿ

ಬಲತೋಳಿನ ಚರ್ಮದ ಕೆಳಗೆ ಅರ್ಧ ಎಂ.ಎಲ್. ಲಸಿಕೆ ಇಳಿಯುತ್ತದೆ. ಅಲ್ಲಿ ಕಾವಲಿರುವ ಜೀವಕೋಶಗಳು ವೈರಸ್ಸನ್ನು ಹಿಡಿದು, ತುಂಡು ಮಾಡಿ, ಆ ತುಂಡುಗಳನ್ನು ಹೊತ್ತು ಕಂಕುಳಿನ ದುಗ್ಧಗ್ರಂಥಿಗೆ ಹೋಗುತ್ತವೆ. ಆ ಗ್ರಂಥಿಗಳ ಮೂಲಕ ಸದಾ ಓಡಾಡುವ ಬಿಳಿರಕ್ತಕಣಗಳಲ್ಲಿ ಒಂದೊಂದರ ಮೈಮೇಲೂ ಒಂದೊಂದು ನಮೂನೆಯ ಹಿಡಿಕೆ. ಇವನ್ನು ದಡಾರ ನೋಡಿ ಮಾಡಿದ್ದಲ್ಲ. ಯಾವ ರೋಗವೂ ಬರುವ ಮುಂಚೆಯೇ ಲಕ್ಷಾಂತರ ಬಗೆಯಲ್ಲಿ ತಯಾರಾಗಿ ಕೂತಿರುತ್ತವೆ. ಬೀಗ ಬರುವ ಮೊದಲೇ ಬೀಗದ ಕೈ ರಾಶಿ ಹಾಕಿಟ್ಟಂತೆ! ನನಗಂತೂ ಇಡೀ ಕಥೆಯಲ್ಲಿ ಬೆರಗು ಹುಟ್ಟಿಸುವ ಭಾಗ ಇದು.

ತುಂಡಿಗೆ ಸರಿಹೊಂದುವ ಹಿಡಿಕೆ ಇರುವ ಕಣಗಳು ಆರಂಭದಲ್ಲಿ ತೀರಾ ಕಡಿಮೆ. ಹೊಂದಿಕೆಯಾದವು ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತವೆ. ಹೆಚ್ಚುವಾಗ ಹಿಡಿಕೆಯಲ್ಲಿ ಸಣ್ಣಪುಟ್ಟ ಬದಲಾವಣೆ ಆಗುತ್ತದೆ, ಬಿಗಿಯಾಗಿ ಕೂರುವಂಥವು ಮಾತ್ರ ಉಳಿಯುತ್ತವೆ. ಈ ಕಣಗಳು ಅಂಥದೇ ಬಿಡಿ ಹಿಡಿಕೆಗಳನ್ನು ರಕ್ತಕ್ಕೆ ಬಿಡುತ್ತವೆ, ಅವೇ ಪ್ರತಿಕಾಯ. ಎರಡು ವಾರದ ಹೊತ್ತಿಗೆ ರಕ್ತದಲ್ಲಿ ಪ್ರತಿಕಾಯ ಕಾಣಿಸಿ, ಮೂರು-ನಾಲ್ಕನೇ ವಾರದಲ್ಲಿ ಏರುಮಟ್ಟ ಮುಟ್ಟುತ್ತದೆ. ವೈರಸ್ಸು ನಮ್ಮ ಜೀವಕೋಶಕ್ಕೆ ತಗುಲಿಕೊಳ್ಳಲು ಬಳಸುವ ಕೊಕ್ಕೆಯನ್ನೇ ಇವು ಮುಚ್ಚುತ್ತವೆ. ಆ ಕೊಕ್ಕೆಯನ್ನು ಬದಲಿಸಿದರೆ ದಡಾರದ ವೈರಸ್ಸಿಗೇ ಕಷ್ಟ. ಅದಕ್ಕೇ 1954ರ ಪಾಠ ಇಂದಿಗೂ ನಡೆಯುತ್ತದೆ. ಫ್ಲೂ ವೈರಸ್ಸು ವೇಷ ಬದಲಿಸುತ್ತಲೇ ಇರುವುದರಿಂದ ಅದರ ಲಸಿಕೆಯನ್ನು ಮತ್ತೆ ಮತ್ತೆ ತಿದ್ದಬೇಕಾಗುತ್ತದೆ.

ಏಳರಿಂದ ಹನ್ನೆರಡನೇ ದಿನದ ನಡುವೆ ಬರುವ ಜ್ವರ ಈ ಕೆಲಸದ ಕಾವು. ನೂರಕ್ಕೆ 5ರಿಂದ 15 ಮಕ್ಕಳಲ್ಲಿ ಕಾಣುತ್ತದೆ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ, ಪಕ್ಕದ ಮಗುವಿಗೆ ಅಂಟುವುದಿಲ್ಲ. ಮೂರು ದಿನ ಕಳೆದರೂ ಇಳಿಯದಿದ್ದರೆ, ಉಸಿರಾಟ ಕಷ್ಟವಾದರೆ ಲಸಿಕೆಯ ಜ್ವರವೆಂದು ಕೂರದೆ ಡಾಕ್ಟರಿಗೆ ತೋರಿಸಬೇಕು.

ಹೋರಾಟ ಮುಗಿದ ಮೇಲೆ ಹೆಚ್ಚಿನ ಕಣಗಳು ಸಾಯುತ್ತವೆ. ಕೆಲವು ನೆನಪಿನ ಕಣಗಳಾಗಿ ಉಳಿದು, ನಿಜವಾದ ದಡಾರ ಮೂಗಿನಿಂದ ಒಳಬಂದಾಗ ವಾರಗಳ ಕೆಲಸವನ್ನು ಕೆಲವೇ ದಿನಗಳಲ್ಲಿ ಮುಗಿಸುತ್ತವೆ. ‘ಒಮ್ಮೆ ದಡಾರ ಬಂದುಹೋದರೂ ಇದೇ ಆಗುತ್ತಲ್ಲ’ ಎನ್ನುವವರಿದ್ದಾರೆ. ಆಗುತ್ತದೆ, ಆದರೆ ನಿಜ ದಡಾರದ ವೈರಸ್ಸು ಹುಡುಕಿ ಹೊಕ್ಕುವುದು ಇಂಥ ನೆನಪಿನ ಕಣಗಳನ್ನೇ. ಬೇರೆ ರೋಗಗಳ ಬಗ್ಗೆ ಮಗು ಕಲಿತಿದ್ದ ಪಾಠವನ್ನೂ ಅದು ಅಳಿಸುತ್ತದೆ. ಲಸಿಕೆಯ ವೈರಸ್ಸು ಹಾಗೆ ಅಳಿಸುವುದಿಲ್ಲ.

ಪಾಠ ಹತ್ತದಿದ್ದರೆ?

ಗರ್ಭದಲ್ಲಿರುವಾಗಲೇ ತಾಯಿಯ ಪ್ರತಿಕಾಯ ಮಗುವಿಗೆ ಬಂದಿರುತ್ತದೆ. ಲಸಿಕೆ ಬೇಗ ಹಾಕಿದರೆ ಆ ಪ್ರತಿಕಾಯವೇ ಲಸಿಕೆಯ ದುರ್ಬಲ ವೈರಸ್ಸನ್ನು ಪಾಠ ಶುರುವಾಗುವ ಮೊದಲೇ ಮುಗಿಸಿಬಿಡುತ್ತದೆ. ತೀರಾ ತಡಮಾಡಿದರೆ ನಿಜ ದಡಾರವೇ ಮೊದಲು ಬರಬಹುದು. ಒಂಬತ್ತು ತಿಂಗಳು ಎಂಬುದು ಇವೆರಡರ ನಡುವಿನ ರಾಜಿ. ಆ ವಯಸ್ಸಿಗೆ ನೂರರಲ್ಲಿ ಸುಮಾರು 85 ಮಕ್ಕಳಿಗೆ ಪಾಠ ಹತ್ತುತ್ತದೆ. 16ರಿಂದ 24 ತಿಂಗಳಲ್ಲಿ ಹಾಕುವ ಎರಡನೇ ಡೋಸ್ ಮುಖ್ಯವಾಗಿ ಉಳಿದ ಹದಿನೈದು ಮಕ್ಕಳಿಗಾಗಿ. ಆ ಹದಿನೈದು ಯಾರೆಂದು ನೋಡಿ ಹೇಳಲಾಗದ ಕಾರಣ ಎಲ್ಲರಿಗೂ ಹಾಕುತ್ತಾರೆ. ವೈರಸ್ಸು ಜೀವಂತವಾದ್ದರಿಂದ ಗರ್ಭಿಣಿಯರಿಗೂ ರೋಗನಿರೋಧಕ ಶಕ್ತಿ ತೀರಾ ಕುಂದಿದವರಿಗೂ ಇದನ್ನು ಕೊಡುವುದಿಲ್ಲ.

ಇನ್ನೊಂದು ಸೋಲು ಬಾಟಲಿಯಲ್ಲೇ ಆಗುತ್ತದೆ. ಲಸಿಕೆ ಒಣಪುಡಿಯಾಗಿ ಬರುತ್ತದೆ, ಅದರ ಜೊತೆ ಬಂದ ತಣ್ಣನೆಯ ದ್ರಾವಣದಲ್ಲೇ ಕಲಸಬೇಕು. ಕಲಸಿದ ಮೇಲೆ ಬಿಸಿಲು, ಸೆಕೆ ತಾಗಿದರೆ ವೈರಸ್ಸು ಸಾಯುತ್ತದೆ, ಸತ್ತದ್ದು ಬೆಳೆಯದು, ಕಲಿಸದು. ಜೊತೆಗೆ ಇದರಲ್ಲಿ ಕೆಡದಂತೆ ಕಾಯುವ ರಾಸಾಯನಿಕವಿಲ್ಲ, ಹೊತ್ತಾದರೆ ಬೇರೆ ಬ್ಯಾಕ್ಟೀರಿಯಾ ಬೆಳೆದು ಮಗುವಿನ ಜೀವಕ್ಕೇ ಎರವಾಗಬಹುದು. ಆದ್ದರಿಂದ ನಾಲ್ಕು ಗಂಟೆ ಕಳೆದರೆ ಉಳಿದದ್ದನ್ನು ಬಿಸಾಡಲೇಬೇಕು. ಕಲಸಿದ ಹೊತ್ತನ್ನು ಸಿಸ್ಟರ್ ಬಾಟಲಿಯ ಮೇಲೆ ಬರೆದಿರುತ್ತಾರೆ. ಸರದಿಯಲ್ಲಿ ನಿಂತಾಗ ‘ಎಷ್ಟು ಗಂಟೆಗೆ ಕಲಸಿದ್ದು ಸಿಸ್ಟರ್?’ ಎಂದು ಕೇಳಿ, ತಾಯಿ ಕಾರ್ಡಿನಲ್ಲಿ ಎರಡನೇ ಡೋಸಿನ ದಿನ ಬರೆಸಿಕೊಂಡು ಬನ್ನಿ.