ಒಂದೇ ರೇಸಿಗೆ ಮೂರು ಕುದುರೆ: ಡಚ್ಚಿಂಗ್ ನನ್ನ ಕೈಹಿಡಿದ ಬಗೆ

"ಮೂರು ಕುದುರೆ ಮೇಲೆ ಕಟ್ಟೋನು ಪಂಟರ್ ಅಲ್ಲ ಗುರು, ಚಂದಾ ಕೊಡೋನು" ಅಂತ ನಮ್ಮ ತಿಪಟೂರಿನ ಮಂಡಿಯಲ್ಲಿ ನನ್ನನ್ನು ಆಡಿಕೊಂಡವರು ಸುಮಾರು ಜನ. ಬೆಂಗಳೂರಿನ ರೇಸ್‌ಕೋರ್ಸಿಗೆ ನನ್ನ ಜೊತೆ ಬೆಳಗಿನ ರೈಲು ಹತ್ತುತ್ತಿದ್ದವರೂ ಅದೇ ಮಾತು. ಒಂದು ಕುದುರೆ ಹಿಡಿ, ಧೈರ್ಯವಾಗಿ ಕಟ್ಟು, ಇಲ್ಲದಿದ್ದರೆ ಮನೇಲಿರು ಅನ್ನೋ ಪಂಥ ಅವರದು. ಅವರ ಪೈಕಿ ಇಬ್ಬರು ಈಗ ನನ್ನ ಅಂಕಿಪಟ್ಟಿಯನ್ನು ಫೋನಿನಲ್ಲಿ ಫೋಟೊ ಹೊಡೆದು ಇಟ್ಟುಕೊಂಡಿದ್ದಾರೆ. ಅದಕ್ಕೇ ಬರೆಯುವ ಮನಸ್ಸಾಯಿತು. ಬುಕ್ಕಿ, ಟೋಟ್, ರೇಸ್ ಕಾರ್ಡ್ ಗೊತ್ತಿದ್ದವರಿಗಾಗಿ ಬರೆದದ್ದು, ಅ ಆ ಇ ಈಯಿಂದ ಶುರು ಮಾಡೋದಿಲ್ಲ.

ಡಚ್ಚಿಂಗ್ ಅಂದರೆ ನಾವು ಕಟ್ಟಿದ್ದರಲ್ಲಿ ಯಾವ ಕುದುರೆ ಗೆದ್ದರೂ ಕೈಗೆ ಬರುವ ಮೊತ್ತ ಒಂದೇ ಆಗುವ ಹಾಗೆ ಹಣ ಹಂಚೋದು. ಎಲ್ಲರೂ ಕೈಸುಟ್ಟುಕೊಳ್ಳೋದು ಮೊದಲನೇ ಹೆಜ್ಜೆಯಲ್ಲೇ. ಜೇಬಿನಲ್ಲಿ ಎರಡು ಸಾವಿರ ಇದೆ, ಅದನ್ನು ಮೂರು ಕುದುರೆಗೆ ಹೇಗೆ ಹಂಚಲಿ ಅಂತ ಕೂರುತ್ತಾರೆ. ಮನೆಯಲ್ಲಿ ಕಾಗದದ ಮೇಲೆ ಅದು ಸರಿಬರುತ್ತದೆ. ರಿಂಗಿನಲ್ಲಿ ಬರೋದಿಲ್ಲ. ಮೊದಲ ಟಿಕೆಟ್ ಕೊಂಡು ಎರಡನೇ ಬುಕ್ಕಿ ಹತ್ತಿರ ಹೋಗುವಷ್ಟರಲ್ಲಿ ಬೋರ್ಡಿನ ಬೆಲೆ ಇಳಿದಿರುತ್ತದೆ. ಒಟ್ಟು ಮೊತ್ತ ಮೊದಲೇ ಗಟ್ಟಿಯಾಗಿರುವುದರಿಂದ ಒಂದು ಬೆಲೆ ಅಲುಗಾಡಿದರೆ ಮೂರೂ ಪಾಲು ಕೆಡುತ್ತವೆ, ಆಗಲೇ ಕೊಂಡ ಟಿಕೆಟ್ಟೂ ಲೆಕ್ಕಕ್ಕೆ ತಪ್ಪುತ್ತದೆ. ಹೀಗೆ ಕಟ್ಟುತ್ತಿದ್ದ ಕಾಲದಲ್ಲಿ ನನಗೆ ಒಂದು ಕುದುರೆ ಗೆದ್ದರೆ ಸಾವಿರದೆಂಟುನೂರು ಲಾಭ, ಇನ್ನೊಂದು ಗೆದ್ದರೆ ನಾನೂರು. ಗೆಲ್ಲುತ್ತಿದ್ದದ್ದು ಸಾಮಾನ್ಯವಾಗಿ ಆ ನಾನೂರರದ್ದೇ.

ನಾನು ತಿರುಗಿಸಿದ್ದು ಇಷ್ಟೇ: ಹಾಕುವ ಹಣವನ್ನು ಗೊತ್ತುಮಾಡೋದು ಬಿಟ್ಟು ವಾಪಸು ಬರಬೇಕಾದ ಹಣವನ್ನು ಮೊದಲು ಗೊತ್ತುಮಾಡಿದೆ. ಬರಬೇಕಾದದ್ದು ನಾಲ್ಕು ಸಾವಿರ ಅಂತಿಟ್ಟುಕೊಳ್ಳಿ. ಬೆಲೆಗೆ ಒಂದು ಕೂಡಿಸಿ, ಅದರಿಂದ ನಾಲ್ಕು ಸಾವಿರವನ್ನು ಭಾಗಿಸಿ, ಬಂದಷ್ಟು ಆ ಕುದುರೆಗೆ. ಮೂರರ ಬೆಲೆಯಾದರೆ ನಾಲ್ಕರಿಂದ ಭಾಗ, ಸಾವಿರ ರೂಪಾಯಿ. ಒಂದು ಕೂಡಿಸೋದು ಯಾಕೆಂದರೆ ಗೆದ್ದ ಟಿಕೆಟ್ಟಿನಲ್ಲಿ ನಮ್ಮ ಅಸಲೂ ವಾಪಸು ಬರುತ್ತದೆ. ಈ ದಾರಿಯಲ್ಲಿ ಪ್ರತಿ ಟಿಕೆಟ್ಟೂ ತನ್ನಷ್ಟಕ್ಕೆ ತಾನು ಪೂರ್ತಿ. ಮುಂದಿನ ಕುದುರೆಯ ಬೆಲೆ ಏನೇ ಆಗಲಿ, ಹಿಂದಿನ ಟಿಕೆಟ್ ಕೆಡೋದಿಲ್ಲ. ಒಟ್ಟು ಖರ್ಚು ಮಾತ್ರ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ.

ರಿಂಗಿನ ಗದ್ದಲದಲ್ಲಿ ಭಾಗಾಕಾರ ಮಾಡುತ್ತಾ ನಿಂತರೆ ಹಿಂದಿನವನು ತಳ್ಳುತ್ತಾನೆ. ಅದಕ್ಕೆ ಸಾವಿರ ವಾಪಸು ಬರಲು ಯಾವ ಬೆಲೆಗೆ ಎಷ್ಟು ಕಟ್ಟಬೇಕು ಅನ್ನೋದನ್ನು ರೇಸ್ ಕಾರ್ಡಿನ ಹಿಂದೆ ಬರೆದುಕೊಳ್ಳುತ್ತೇನೆ. ಸಮಸಮ ಬೆಲೆಗೆ 500, ಒಂದೂವರೆಗೆ 400, ಎರಡಕ್ಕೆ 333, ಎರಡೂವರೆಗೆ 286, ಮೂರಕ್ಕೆ 250, ನಾಲ್ಕಕ್ಕೆ 200, ಐದಕ್ಕೆ 167, ಏಳಕ್ಕೆ 125, ಒಂಬತ್ತಕ್ಕೆ 100. ನಾಲ್ಕು ಸಾವಿರ ಬೇಕಾದರೆ ನಾಲ್ಕರಿಂದ ಗುಣಿಸಿದರೆ ಮುಗಿಯಿತು.

ಜಿಎಸ್‌ಟಿ ಬರುವ ಮುಂಚಿನ ಒಂದು ಚಳಿಗಾಲದ ರೇಸು ಹೇಳುತ್ತೇನೆ. 1400 ಮೀಟರಿನ ಹ್ಯಾಂಡಿಕ್ಯಾಪ್, ಒಂಬತ್ತೋ ಹತ್ತೋ ಕುದುರೆ. ಫೇವರಿಟ್‌ಗೆ ಒಂದೂಕಾಲಿನ ಬೆಲೆ, ಆದರೆ ಎಲ್ಲಕ್ಕಿಂತ ಹೆಚ್ಚು ಭಾರ ಹೊತ್ತದ್ದೂ ಅದೇ, ಜೊತೆಗೆ ತಿಂಗಳುಗಟ್ಟಲೆ ಓಡಿರಲಿಲ್ಲ. ಅದನ್ನು ಬಿಟ್ಟೆ. ಇಡೀ ಡಚ್ಚಿಂಗಿನ ಜೀವ ಇರೋದು ಈ ಬಿಡೋದರಲ್ಲಿ. ಬೋರ್ಡಿನ ಎಲ್ಲಾ ಕುದುರೆಗಳ ಅಂಕಿಯನ್ನೂ, ಅಂದರೆ ನೂರು ವಾಪಸು ಬರಲು ಕಟ್ಟಬೇಕಾದ್ದನ್ನು, ಕೂಡಿದರೆ ನೂರು ದಾಟುತ್ತದೆ. ಅವತ್ತು ನೂರಿಪ್ಪತ್ತರ ಮೇಲಿತ್ತು. ಆ ಹೆಚ್ಚುವರಿಯೇ ಬುಕ್ಕಿಯ ಸಂಬಳ. ಎಲ್ಲಾ ಕುದುರೆಗೂ ಹಂಚಿ ಕಟ್ಟಿದವನು ಗ್ಯಾರಂಟಿಯಾಗಿ ಸೋಲುತ್ತಾನೆ, ಅದೂ ಸಮವಾಗಿ! ದೊಡ್ಡ ಅಂಕಿಯ ಕುದುರೆಯೊಂದನ್ನು ಸಕಾರಣವಾಗಿ ಹೊರಗಿಡಲು ಆದರೆ ಮಾತ್ರ ಮಿಕ್ಕದ್ದಕ್ಕೆ ಅರ್ಥ.

ನಾನು ಆರಿಸಿದ್ದು ಮೂರು. ಬೆಲೆ ಮೂರು, ನಾಲ್ಕು, ಒಂಬತ್ತು. ಪಟ್ಟಿಯ ಪ್ರಕಾರ ಸಾವಿರ, ಎಂಟುನೂರು, ನಾನೂರು, ಒಟ್ಟು 2,200. ಬೆಲೆ ಬೇಗ ಬೀಳುವ ಕುದುರೆಯನ್ನು ಮೊದಲು ಹಿಡಿಯಬೇಕು ಅನ್ನೋದು ನಿಯಮ, ಅವತ್ತು ಮೂರರದ್ದಕ್ಕೆ ಜನ ಆಗಲೇ ಮುತ್ತಿದ್ದರು. ನಾನು ಮುಟ್ಟುವಷ್ಟರಲ್ಲಿ ಎರಡೂವರೆ. 286ನ್ನು ನಾಲ್ಕರಿಂದ ಗುಣಿಸಿದರೆ 1,144, ಹೇಳಿದ್ದು 1,150. ಉಳಿದೆರಡು ಬೆಲೆ ನಿಂತಿದ್ದವು. ಒಟ್ಟು 2,350 ಹೋಯಿತು, ನಾಲ್ಕರ ಬೆಲೆಯ ಕುದುರೆ ಗೆದ್ದಿತು, ಬಂದದ್ದು ನಾಲ್ಕು ಸಾವಿರ. ಆಗಿನ ರಾಜ್ಯದ ಬೆಟ್ಟಿಂಗ್ ತೆರಿಗೆ ಬಿಟ್ಟರೆ 1,650 ಲಾಭ. ಎರಡೂವರೆಯದ್ದು ಗೆದ್ದಿದ್ದರೂ ಇಪ್ಪತ್ತೈದು ರೂಪಾಯಿ ಅಷ್ಟೇ ವ್ಯತ್ಯಾಸ. ಪಕ್ಕದಲ್ಲಿದ್ದ ನಮ್ಮ ಮಂಡಿಯವರು ಫೇವರಿಟ್ ಟಿಕೆಟ್ ಹರಿಯುತ್ತಿದ್ದರು, ನಾನು ಏನೂ ಅನ್ನಲಿಲ್ಲ. ಸ್ವಲ್ಪ ನಕ್ಕೆ ಅನ್ನಿ.

ಈ ಲೆಕ್ಕದ ಇನ್ನೊಂದು ಮುಖವನ್ನೂ ನೋಡಿ. ಗೆದ್ದರೆ 1,650, ಸೋತರೆ 2,350. ಒಂದು ಸೋಲು ತುಂಬಿಕೊಳ್ಳಲು ಹೆಚ್ಚುಕಡಿಮೆ ಒಂದೂವರೆ ಗೆಲುವು ಬೇಕು. ಮೂರು ರೇಸು ಸಾಲಾಗಿ ತಪ್ಪಿದರೆ ಏಳು ಸಾವಿರ ಹೋಯಿತು. ಹಾಗೆ ಹೋದ ಶನಿವಾರ, ಭಾನುವಾರಗಳು ಬೇಕಾದಷ್ಟಿವೆ. ನನ್ನ ಮೂರು ಕುದುರೆಗಳ ಅಂಕಿ ಕೂಡಿ ಐವತ್ತೊಂಬತ್ತರ ಹತ್ತಿರ ಬಂತು. ಅಂದರೆ ಅಂಥ ನೂರು ರೇಸಿನಲ್ಲಿ ಐವತ್ತೊಂಬತ್ತು ಗೆದ್ದರಷ್ಟೇ ಅಸಲು. ಆ ಚಳಿಗಾಲ ನನ್ನವು ಮೂರರಲ್ಲಿ ಎರಡಕ್ಕಿಂತ ಸ್ವಲ್ಪ ಹೆಚ್ಚು ಹತ್ತಿದವು, ರೈಲು, ಊಟ, ತೆರಿಗೆ ಕಳೆದು ಇಪ್ಪತ್ತು ಸಾವಿರದ ಆಸುಪಾಸು ಉಳಿಯಿತು. ಮಿತಿ ಅರವತ್ತು ಅಂತ ಹಾಕಿಕೊಂಡಿದ್ದೆ. ಅಂಕಿ ಅರವತ್ತು ದಾಟಿದರೆ ಆ ರೇಸು ಬರೀ ನೋಡೋದು. ನಾಲ್ಕನೇ ಕುದುರೆಯ ಆಸೆ ಬಂದಾಗ ಇದು ತಡೆಯುತ್ತದೆ. ಮೂರು, ನಾಲ್ಕು, ಒಂಬತ್ತರ ಜೊತೆಗೆ ಏಳರದ್ದೊಂದು ಸೇರಿಸಿದರೆ 2,200 ಇದ್ದ ಖರ್ಚು 2,700 ಆಗುತ್ತದೆ, ಲಾಭ 1,800ರಿಂದ 1,300ಕ್ಕೆ ಬೀಳುತ್ತದೆ. ಮನಸ್ಸಿನ ಸಮಾಧಾನಕ್ಕೆ ಐನೂರು ಕೊಟ್ಟ ಹಾಗೆ.

ಫೇವರಿಟ್ ಸುಳ್ಳು ಅಂತ ಗುರುತಿಸೋದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಭಾರ, ಓಡದೇ ಇದ್ದ ದಿನ, ಇವೆರಡು ಹೇಳಿದೆ. ಮೂರನೆಯದು ಪ್ಯಾಡಾಕ್‌ನಲ್ಲಿ ಕಣ್ಣಿಗೆ ಬೀಳುವಂಥದ್ದು, ಅದು ನನ್ನ ಹತ್ತಿರವೇ ಇರಲಿ.

ಟೋಟಿನಲ್ಲೂ ಇದನ್ನೇ ಮಾಡಿ ನೋಡಿದೆ. ಕೂರಲಿಲ್ಲ. ಟೋಟಿನ ಡಿವಿಡೆಂಡ್ ಗೇಟು ತೆರೆದು ಕಿಟಕಿ ಮುಚ್ಚಿದ ಮೇಲಷ್ಟೇ ಖಚಿತ, ಪರದೆಯ ಮೇಲೆ ಕಾಣೋದು ಬರೀ ಅಂದಾಜು. ಕೊನೇ ನಿಮಿಷದ ದುಡ್ಡು ಬಂದು ಒಂಬತ್ತರ ಹಾಗೆ ಕಂಡದ್ದು ಐದಾಗುತ್ತದೆ. ಬೆಲೆ ಗಟ್ಟಿಯಾಗಿಲ್ಲದ ಕಡೆ ಸಮಲಾಭ ಅನ್ನೋದೇ ಇಲ್ಲ. ಊರಿನಲ್ಲಿ ಫೋನಿನ ಮೇಲೆ ತೆರಿಗೆಯಿಲ್ಲದೆ ಬೆಲೆ ಕೊಡುತ್ತೇವೆ ಅನ್ನುವವರ ಸಹವಾಸಕ್ಕಂತೂ ಹೋಗಲಿಲ್ಲ. ಅದು ಕಾನೂನುಬಾಹಿರ, ಮೇಲಾಗಿ ಕೈಯಲ್ಲಿ ಟಿಕೆಟ್ ಇಲ್ಲದ ಮೇಲೆ ಮೂರರಲ್ಲಿ ಯಾವುದಕ್ಕೆ ಎಷ್ಟು ಅಂತ ಜಗಳ ಆಡೋರು ಯಾರು?

ಇನ್ನೊಂದು ಪ್ರಯೋಗ ಮಾತ್ರ ಉಪಯೋಗಕ್ಕೆ ಬಂತು. ಮೂರೂ ಕುದುರೆಗೆ ಸಮಲಾಭ ಬೇಡ, ಮೂರನೆಯದು ಗೆದ್ದರೆ ಅಸಲು ಬಂದರೆ ಸಾಕು ಅನ್ನೋ ಲೆಕ್ಕ. ಮೂರು ಮತ್ತು ನಾಲ್ಕರ ಬೆಲೆಯ ಕುದುರೆಗೆ ಸಾವಿರ, ಎಂಟುನೂರು. ಒಂಬತ್ತರದ್ದಕ್ಕೆ ನಾನೂರರ ಬದಲು ಇನ್ನೂರು. ಅದು ಗೆದ್ದರೆ ಎರಡು ಸಾವಿರ ಬರುತ್ತದೆ, ಹಾಕಿದ್ದೂ ಎರಡು ಸಾವಿರ. ಮೊದಲಿನೆರಡರಲ್ಲಿ ಒಂದು ಗೆದ್ದರೆ ಲಾಭ 1,800 ಅಲ್ಲ, ಎರಡು ಸಾವಿರ. ಮೂರನೆಯದರ ಮೇಲೆ ನಂಬಿಕೆ ಇಲ್ಲ, ಹೆದರಿಕೆ ಮಾತ್ರ ಇದೆ ಅನ್ನುವಾಗ ಹೀಗೆ ಕಟ್ಟುತ್ತೇನೆ.

ಸಮಲಾಭ ಒಡೆಯುವ ಜಾಗ ಒಂದಿದೆ. ನೀವು ಟಿಕೆಟ್ ಕೊಂಡ ಮೇಲೆ ಯಾವುದೋ ಕುದುರೆ ಹಿಂತೆಗೆದರೆ, ಗೆದ್ದವರ ಲಾಭದಲ್ಲಿ ರೂಪಾಯಿಗೆ ಇಷ್ಟು ಪೈಸೆ ಅಂತ ಕಡಿತ ಸಾರುತ್ತಾರೆ. ಕಡಿತ ಅಸಲಿನ ಮೇಲಲ್ಲ, ಲಾಭದ ಮೇಲೆ. ರೂಪಾಯಿಗೆ ಇಪ್ಪತ್ತು ಪೈಸೆ ಅಂದುಕೊಳ್ಳಿ. ಸಾವಿರ ಕಟ್ಟಿ ಮೂರು ಸಾವಿರ ಗೆದ್ದ ಟಿಕೆಟ್ಟಿನಲ್ಲಿ ಆರುನೂರು ಹೋಗುತ್ತದೆ, ನಾನೂರು ಕಟ್ಟಿ 3,600 ಗೆದ್ದದ್ದರಲ್ಲಿ 720. ಅದಕ್ಕೆ ಗೇಟಿನ ಹತ್ತಿರ ಕುದುರೆಗಳು ಸೇರುವವರೆಗೆ ನಾನು ದೊಡ್ಡ ಬೆಲೆಯದ್ದನ್ನು ಮುಟ್ಟೋದಿಲ್ಲ. ಸಮಸಮ ಮುಟ್ಟಿ ಡೆಡ್ ಹೀಟ್ ಆದರೆ ಅರ್ಧ ಟಿಕೆಟ್ಟಿಗೆ ಮಾತ್ರ ಬೆಲೆ ಸಿಗುತ್ತದೆ, ಆದರೆ ಮುಟ್ಟಿದ ಎರಡೂ ನಮ್ಮವೇ ಆಗಿದ್ದರೆ ಎರಡು ಎರಡು ಸಾವಿರ ಸೇರಿ ಅದೇ ನಾಲ್ಕು ಸಾವಿರ.

ಈಗ ತೆರಿಗೆ. 2017ರಲ್ಲಿ ಜಿಎಸ್‌ಟಿ ಬಂದಾಗ ಶೇ 28, 2025ರ ಸೆಪ್ಟೆಂಬರ್ 22ರಿಂದ ಶೇ 40. ಪಾಲು ಹಂಚುವ ಪಟ್ಟಿಯನ್ನು ಇದಕ್ಕಾಗಿ ಬದಲಿಸುವ ಅಗತ್ಯವಿಲ್ಲ, ಎಲ್ಲಾ ಟಿಕೆಟ್ಟಿಗೂ ಅದೇ ದರ ಬೀಳುವುದರಿಂದ ಸಮಲಾಭ ಸಮವಾಗೇ ಉಳಿಯುತ್ತದೆ. ಬದಲಾಗೋದು ಮಿತಿ. ಕೂಡಿದ ಅಂಕಿಯನ್ನು 1.4ರಿಂದ ಗುಣಿಸಿ ನೋಡಿ: ಐವತ್ತೈದು ಎಪ್ಪತ್ತೇಳಾಗುತ್ತದೆ. 2,200ರ ಟಿಕೆಟ್ಟಿಗೆ ಕೈಯಿಂದ 3,080, ಲಾಭ 1,800 ಇದ್ದದ್ದು 920. ನಾಲ್ಕು ಕುದುರೆಯಾದರೆ 3,780 ಹಾಕಿ 220ಕ್ಕೆ ಕಾಯಬೇಕು. ಗುಣಿಸುವ ಮುಂಚೆಯೇ ಎಪ್ಪತ್ತೊಂದೂವರೆ ದಾಟಿದ ಅಂಕಿಗೆ ಗೆದ್ದರೂ ನಷ್ಟ. ಇದರ ಮೇಲೆ ಆದಾಯ ತೆರಿಗೆ: ರೇಸಿನ ಗೆಲುವಿಗೆ ಶೇ 30, ಸೋತ ಟಿಕೆಟ್ಟುಗಳನ್ನು ಖರ್ಚು ಅಂತ ತೋರಿಸುವ ಹಾಗಿಲ್ಲ. ಮೂರರಲ್ಲಿ ಎರಡು ಟಿಕೆಟ್ ಸೋಲಲೆಂದೇ ಕೊಳ್ಳುವ ನಮ್ಮಂಥವರಿಗೆ ಇದೇ ದೊಡ್ಡ ಪೆಟ್ಟು. ಒಂದೇ ಗೆಲುವು ಹತ್ತು ಸಾವಿರ ದಾಟಿದರೆ ಅಲ್ಲೇ ತೆರಿಗೆ ಕಡಿತ ಆಗುವುದರಿಂದ ವಾಪಸು ಮೊತ್ತವನ್ನು ಅದರ ಕೆಳಗೇ ಇಡುತ್ತೇನೆ. ಹಾಗಂತ ತೆರಿಗೆ ತಪ್ಪೋದಿಲ್ಲ, ರಿಟರ್ನ್‌ನಲ್ಲಿ ತೋರಿಸಲೇಬೇಕು.

ಹಾಗಾಗಿ ಈಗ ಮಿತಿ ನಲವತ್ತೈದು. ಮೂರರದ್ದೊಂದು, ನಾಲ್ಕರದ್ದೊಂದು, ಅಷ್ಟಕ್ಕೇ ಭರ್ತಿ: 1,800ರ ಟಿಕೆಟ್, ತೆರಿಗೆ ಸೇರಿ 2,520, ಗೆದ್ದರೆ 1,480. ಅಂಥ ರೇಸು ಇಡೀ ಕಾರ್ಡಿನಲ್ಲಿ ಒಂದು ಸಿಕ್ಕರೆ ಹೆಚ್ಚು. ಸಿಗದ ದಿನ ರೈಲಿನ ಟಿಕೆಟ್ ಮಾತ್ರ ಖರ್ಚು, ಅದನ್ನೂ ವಹಿಯಲ್ಲಿ ಬರೆಯುತ್ತೇನೆ.